ಹಾಲಿನ ಲೆಕ್ಕದ ಪಕ್ಕದಲ್ಲೊಂದು ತಲೆನೋವಿನ ಲೆಕ್ಕ

ನಮ್ಮನೆಯವರಿಗೆ ತಲೆನೋವು ಬಂತೆಂದರೆ ಅದು ಮೊದಲು ಗೊತ್ತಾಗುವುದು ಕುಕ್ಕರಿಗೆ. ಅವತ್ತು ಅದು ಕೂಗುವ ಹಾಗಿಲ್ಲ. ಎರಡನೆಯದಾಗಿ ಒಗ್ಗರಣೆಗೆ. ಇಂಗಿನ ವಾಸನೆ ನಡುಮನೆಯವರೆಗೆ ಬಂದರೆ ಇವರಿಗೆ ಹೊಟ್ಟೆ ತೊಳಸುತ್ತದೆ. ಮೂರನೆಯದಾಗಿ ಕಿಟಕಿಯ ಪರದೆಗೆ. ನಾಲ್ಕನೆಯವಳು ನಾನು. ಬಳೆ ಸದ್ದಾಗದ ಹಾಗೆ ಕೈಯೆತ್ತಿ ನಡೆಯಬೇಕು, ಕಳ್ಳಿಯಂತೆ, ನನ್ನದೇ ಮನೆಯಲ್ಲಿ!

ಕಾಲೇಜಿನ ದಿನಗಳಿಂದಲೂ ಇರುವ ನೋವಿದು. ಆಗ ತಿಂಗಳಿಗೆ ಒಂದೆರಡು ಸಲ ಅತಿಥಿಯ ಹಾಗೆ ಬಂದು ಹೋಗುತ್ತಿತ್ತಂತೆ. ಈಗ ನಲವತ್ತನಾಲ್ಕು ದಾಟಿದ ಮೇಲೆ, ಆರು ತಿಂಗಳಿಂದ, ಮನೆಯಳಿಯನಾಗಿಬಿಟ್ಟಿದೆ. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸಿದರು, ನೋವು ಬದಲಾಗಲಿಲ್ಲ. ಇವರೇ ಸೈನಸ್ ಎಂದು ತೀರ್ಮಾನಿಸಿ ಹಬೆ ತೆಗೆದುಕೊಂಡರು, ಮೂಗು ಕೆಂಪಾಯಿತು. ಕೊನೆಗೆ ನಮ್ಮ ಬೀದಿಯ ಡಾಕ್ಟರು, "ಒಮ್ಮೆ ನ್ಯೂರಾಲಜಿಸ್ಟ್‌ಗೆ ತೋರಿಸಿ" ಎಂದು ಚೀಟಿ ಬರೆದುಕೊಟ್ಟರು. ಇವರ ಮುಖ ಹುಣಸೆಹಣ್ಣಿನಂತಾಯಿತು. "ನನ್ನನ್ನ ನಿಮ್ಹಾನ್ಸ್‌ಗೆ ಸೇರಿಸೋ ಯೋಚನೆಯೇನೇ?" ಎಂದರು. ನರಗಳ ಡಾಕ್ಟರೆಂದರೆ ಹುಚ್ಚಿನ ಡಾಕ್ಟರೆಂದೇ ನಮ್ಮವರ ಲೆಕ್ಕ. ಅದೇ ನಿಮ್ಹಾನ್ಸಿನವರು ಸೇರಿ ಕರ್ನಾಟಕದ ಮನೆಮನೆಗೆ ಹೋಗಿ ಕೇಳಿದಾಗ ನಾಲ್ವರು ದೊಡ್ಡವರಲ್ಲಿ ಒಬ್ಬರಿಗೆ ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಅವರನ್ನೆಲ್ಲ ಹುಚ್ಚರೆನ್ನುವುದಾದರೆ ನಮ್ಮ ಬೀದಿಯೊಂದಕ್ಕೇ ಬೇರೆ ಆಸ್ಪತ್ರೆ ಬೇಕಾದೀತು.

ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ನಾಲ್ಕು ವಾರದ ನಂತರಕ್ಕೆ. ಇವರು ಅವತ್ತೇ ಫೈಲು ಕಟ್ಟಲು ಕುಳಿತರು. ಹತ್ತು ವರ್ಷದ ಸಕ್ಕರೆ ರಿಪೋರ್ಟು, ಮಂಡಿಯ ಎಕ್ಸ್‌ರೇ, ನನ್ನ ಹೆರಿಗೆಯ ಒಂದು ಡಿಸ್ಚಾರ್ಜ್ ಹಾಳೆ ಕೂಡ ಅದರೊಳಗೆ ಸೇರಿತು. ತಲೆಗೆ ಸಂಬಂಧಪಟ್ಟದ್ದು ಒಂದೂ ಇಲ್ಲ. ನನ್ನ ತಂಗಿಯ ಮಗಳು ನರ್ಸು. ಫೋನಿನಲ್ಲೇ ನಕ್ಕಳು. "ದೊಡ್ಡಮ್ಮ, ತಲೆನೋವು ಫೈಲಲ್ಲಿ ಇರಲ್ಲ, ಬಾಯಲ್ಲಿ ಇರತ್ತೆ. ರಕ್ತ ತೆಗೆದು ನೋಡಿದ್ರೂ ಮೈಗ್ರೇನ್ ಕಾಣಲ್ಲ. ಡಾಕ್ಟ್ರು ಕೇಳಿದ್ದಕ್ಕೆ ದೊಡ್ಡಪ್ಪ ಏನು ಹೇಳ್ತಾರೋ ಅದೇ ಟೆಸ್ಟು. ತಿಂಗಳಿಗೆ ಎಷ್ಟು ದಿನ ನೋವು ಅಂತ ಈಗ ಕೇಳಿ ನೋಡಿ."

ಕೇಳಿದೆ. "ಯಾವಾಗಲೂ" ಎಂದರು.

"ಎಷ್ಟು ಹೊತ್ತು ಇರತ್ತೆ?" "ತುಂಬಾ ಹೊತ್ತು."

"ಯಾವ ಮಾತ್ರೆ ತಗೋತೀರಿ?" "ಬಿಳಿ ಮಾತ್ರೆ."

ಭೂಲೋಕದ ಮುಕ್ಕಾಲು ಪಾಲು ಮಾತ್ರೆಗಳು ಬಿಳಿ. ಇಂಥ ಉತ್ತರ ಕೇಳಿದ ಡಾಕ್ಟರಿಗೇ ತಲೆನೋವು ಬಂದೀತು.

"ಒಂದು ಡೈರಿ ಬರೆಸಿ" ಎಂದಳು ಹುಡುಗಿ. ಇವರು ಡೈರಿ ಬರೆಯುವ ಜಾತಿಯಲ್ಲ. ಹೊಸ ವರ್ಷಕ್ಕೆ ಬಂದ ಡೈರಿಗಳಲ್ಲಿ ಜನವರಿ ಮೂರರ ಆಚೆಗೆ ದೋಬಿ ಲೆಕ್ಕ ಮಾತ್ರ ಇರುತ್ತದೆ. ಹಾಗಾಗಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಹಿಡಿದೆ. ಅದರ ಪ್ರತಿ ಚೌಕದಲ್ಲೂ ನಾನು ಹಾಲಿನ ಲೆಕ್ಕ ಬರೆಯುತ್ತೇನೆ. ಚೌಕದ ಕೆಳಗಿನ ಮೂಲೆ ಖಾಲಿ. ಅಲ್ಲಿ ತಲೆನೋವು. ಮಂದವಾಗಿದ್ದರೆ ಒಂದು ಗೀಟು, ಮಲಗಿಸುವಷ್ಟಿದ್ದರೆ ಕತ್ತರಿ ಗುರುತು, ನುಂಗಿದ ಪ್ರತಿ ಮಾತ್ರೆಗೆ ಒಂದು ಚುಕ್ಕೆ. ಜೋರು ಬಂದ ದಿನ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಬಿಟ್ಟಿತು ಎಂದು ಅಂಚಿನಲ್ಲಿ. ನಿದ್ದೆಗೆಟ್ಟಿದ್ದರೆ, ಊಟ ತಪ್ಪಿದ್ದರೆ ಒಂದು ಪದ. ಹೆಂಗಸರಾದರೆ ಮುಟ್ಟಿನ ದಿನಗಳನ್ನೂ ಗುರುತು ಮಾಡಬೇಕಂತೆ. ಇಷ್ಟಕ್ಕಿಂತ ಹೆಚ್ಚು ಬರೆಯಹೊರಟರೆ ನಾಲ್ಕನೇ ದಿನ ಕೈಬಿಡುತ್ತೀರಿ.

ಇಲ್ಲೊಂದು ಎಚ್ಚರ ಹೇಳಿಬಿಡುತ್ತೇನೆ, ಇದು ತಮಾಷೆಯಲ್ಲ. ಕೆಲವು ತಲೆನೋವುಗಳು ಕ್ಯಾಲೆಂಡರ್ ಕಾಯುವಂಥವಲ್ಲ. ಸಿಡಿಲು ಹೊಡೆದಂತೆ ಒಂದೇ ನಿಮಿಷದಲ್ಲಿ ತುತ್ತತುದಿಗೇರಿದ ನೋವು, ಜ್ವರದ ಜೊತೆ ಕತ್ತು ಬಿಗಿದದ್ದು, ಕೈಕಾಲು ಸೋತದ್ದು, ಮಾತು ತೊದಲಿದ್ದು, ಮಂಪರು ಬಂದದ್ದು, ಕಣ್ಣು ಮಂಜಾಗಿ ಹಾಗೇ ಉಳಿದದ್ದು, ತಲೆಗೆ ಪೆಟ್ಟು ಬಿದ್ದ ಮೇಲೆ ಹೆಚ್ಚುತ್ತ ಹೋದದ್ದು, ಇವಕ್ಕೆಲ್ಲ ಅಪಾಯಿಂಟ್‌ಮೆಂಟ್ ಕೇಳದೆ ಎಮರ್ಜೆನ್ಸಿಗೆ ಓಡಬೇಕು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಬಸುರಿ ಬಾಣಂತಿಯರ ಹೊಸ ನೋವು ಕೂಡ ನಾಲ್ಕು ವಾರ ಕಾಯುವಂಥದ್ದಲ್ಲ.

ನಾಲ್ಕು ವಾರ ಕಳೆಯಿತು. ಹೊರಡುವ ಹಿಂದಿನ ರಾತ್ರಿ ಚೌಕಗಳನ್ನು ಎಣಿಸಿದೆವು. 28 ದಿನಗಳಲ್ಲಿ 6 ಕತ್ತರಿ, 13 ಗೀಟು. ಏನೂ ಇಲ್ಲದ ದಿನ 9. "ನೋಡಿದ್ರಾ, ಯಾವಾಗಲೂ ಅಂದ್ರಲ್ಲ, ಒಂಬತ್ತು ದಿನ ಎಲ್ಲಿಗೆ ಹೋಗಿತ್ತು?" ಎಂದೆ. ಆಮೇಲೆ ಚುಕ್ಕೆ ಎಣಿಸಿದಾಗ ನನ್ನ ನಗುವೂ ನಿಂತಿತು. ಮಾತ್ರೆ ನುಂಗಿದ ದಿನಗಳು 16. ಒಟ್ಟು ಮಾತ್ರೆ 23. "ಅಪರೂಪಕ್ಕೊಂದು" ಎನ್ನುತ್ತಿದ್ದರು ಮಹಾಶಯರು!

ಫೈಲಿನಿಂದ ಮಂಡಿಯನ್ನೂ ಹೆರಿಗೆಯನ್ನೂ ಹೊರಗೆ ಹಾಕಿದೆ. ಒಳಗೆ ಉಳಿದದ್ದು ಕ್ಯಾಲೆಂಡರಿನ ಹಾಳೆ, ಬೀದಿ ಡಾಕ್ಟರ ಚೀಟಿ, ಕನ್ನಡಕದ ಚೀಟಿ, ಬಿಪಿ ಬರೆದ ಕಾಗದ, ಮತ್ತು ಖಾಲಿ ಮಾತ್ರೆ ಪಟ್ಟಿಗಳು. ಪಟ್ಟಿ ಯಾಕೆಂದರೆ ಬಿಳಿ ಮಾತ್ರೆಯೊಳಗೆ ಏನಿದೆ ಎಂಬುದು ಅದರ ಬೆನ್ನ ಮೇಲಿರುತ್ತದೆ. ಮುಂಚೆ ಯಾರಾದರೂ ಬರೆದುಕೊಟ್ಟು ಕೆಲಸ ಮಾಡದ ಮಾತ್ರೆಯ ಹೆಸರೂ ಬೇಕು. ಎಷ್ಟು ದಿನ ತಿಂದಿರಿ, ಯಾಕೆ ಬಿಟ್ಟಿರಿ ಎಂಬುದೂ ಬೇಕು. ಹಳೆಯ ಸ್ಕ್ಯಾನ್ ಇದ್ದವರು ರಿಪೋರ್ಟ್ ಒಂದನ್ನೇ ಒಯ್ಯದೆ ಫಿಲ್ಮನ್ನೂ ಒಯ್ಯಬೇಕು.

ಡಾಕ್ಟರಮ್ಮ ಹಾಳೆಯನ್ನು ಮೇಜಿನ ಮೇಲೆ ಹರಡಿ ಹುಬ್ಬೇರಿಸಿದರು. "ಇಲ್ಲಿ 1½ ಅಂತ ಇದೆ, ಒಂದೂವರೆ ಮಾತ್ರೆಯಾ?"

"ಅಲ್ಲ ಡಾಕ್ಟ್ರೇ, ಅದು ಹಾಲು. ಅವತ್ತು ನಾದಿನಿ ಬಂದಿದ್ಲು."

"ಮಾರನೇ ದಿನ ಕತ್ತರಿ ಗುರುತಿದೆ."

ನಾನೇನೂ ಹೇಳಲಿಲ್ಲ. ಇವರೇ ತಂಗಿಯ ಮಾನ ಕಾಯಲು, "ರಾತ್ರಿ ಎರಡರವರೆಗೂ ಹರಟೆ ಹೊಡೀತಿದ್ವಿ, ಬೆಳಗ್ಗೆ ತಿಂಡಿ ಹನ್ನೊಂದಕ್ಕಾಯ್ತು" ಎಂದರು. ಡಾಕ್ಟರಮ್ಮ ಬರೆದುಕೊಂಡರು. ನಿದ್ದೆಗೆಟ್ಟದ್ದು, ಹೊಟ್ಟೆ ಖಾಲಿ ಬಿಟ್ಟದ್ದು. ನಾದಿನಿ ಬಚಾವಾದಳು.

"ಮನೆಯಲ್ಲಿ ಬೇರೆ ಯಾರಿಗಾದ್ರೂ ತಲೆನೋವಿತ್ತಾ?"

"ಯಾರಿಗೂ ಇಲ್ಲ. ಅಮ್ಮನಿಗೆ ಪಿತ್ತ ಇತ್ತು, ಅಷ್ಟೇ."

"ಪಿತ್ತ ಅಂದ್ರೆ ಏನು ಮಾಡ್ತಿದ್ರು?"

"ಹಣೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೇಲಿ ಮಲಗೋರು. ವಾಂತಿಯಾದ್ಮೇಲೆ ಪಿತ್ತ ಇಳೀತು ಅಂತ ಎದ್ದು ಕೂರೋರು."

ಡಾಕ್ಟರಮ್ಮ ನಕ್ಕರು. ನಮ್ಮತ್ತೆ ನಲವತ್ತು ವರ್ಷ ಶುಂಠಿ ಕಷಾಯ ಕುಡಿದದ್ದು ಬಹುಮಟ್ಟಿಗೆ ಮೈಗ್ರೇನಿಗಂತೆ. ನೋಡಿ, ತಾಯಿಯ ಕಡೆಯಿಂದ ಜಮೀನು ಬರಲಿಲ್ಲ, ಇದು ಬಂತು. ಹೋಗುವ ಮುಂಚೆ ಮನೆಯ ಹಿರಿಯರ ಪಿತ್ತ, ಉಷ್ಣ, ದೃಷ್ಟಿ ಎಲ್ಲವನ್ನೂ ಒಮ್ಮೆ ವಿಚಾರಿಸಿಕೊಂಡು ಹೋಗಿ.

ಆಮೇಲಿನ ಸಾಕ್ಷಿ ನನ್ನದು. ಕುಕ್ಕರು, ಒಗ್ಗರಣೆ, ಪರದೆ, ಬಳೆ ಎಲ್ಲ ಹೇಳಿದೆ. ಇವರಿಗೆ ನಾಚಿಕೆ, ಡಾಕ್ಟರಿಗೆ ಅದೇ ಬೇಕಿತ್ತು. ಶಬ್ದ ಬೆಳಕು ಸಹಿಸದಿರುವುದು, ಹೊಟ್ಟೆ ತೊಳಸುವುದು, ಒಂದೇ ಪಕ್ಕ ದಪದಪ ಮಿಡಿಯುವುದು, ಮೆಟ್ಟಿಲು ಹತ್ತಿದರೆ ಹೆಚ್ಚುವುದು, ಮಾತ್ರೆ ನುಂಗದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ಕಾಡುವುದು, ಇವೆಲ್ಲ ಮೈಗ್ರೇನಿನ ಚಹರೆ. ತಲೆಗೆ ಪಟ್ಟಿ ಬಿಗಿದಂತೆ ಎರಡೂ ಕಡೆ ಒತ್ತಿದರೆ ಅದು ಬೇರೆ ಜಾತಿ. ಇದನ್ನೆಲ್ಲ ಹೇಳಲಿಕ್ಕೇ ಮನೆಯವರೊಬ್ಬರು ಜೊತೆಗಿರಬೇಕು. ನೋವಿದ್ದಾಗ ಇವರು ಕಣ್ಣು ಮುಚ್ಚಿರುತ್ತಾರೆ, ನೋಡುವವರು ನಾವು.

ಮುಚ್ಚಿಟ್ಟದ್ದೂ ಹೊರಬಂತು. "ಬೇರೆ ಕಾಯಿಲೆ?" ಎಂದರೆ ಇವರು "ಏನಿಲ್ಲ" ಎಂದರು. "ಚಳಿಗಾಲದಲ್ಲಿ ಉಬ್ಬಸ ಇದೆ ಡಾಕ್ಟ್ರೇ" ಎಂದೆ ನಾನು. ಬರೆಯುತ್ತಿದ್ದ ಪೆನ್ನು ನಿಂತಿತು. ಮೈಗ್ರೇನ್ ತಡೆಯಲು ಸಾಮಾನ್ಯವಾಗಿ ಕೊಡುವ ಪ್ರೊಪ್ರನೊಲಾಲ್ ಉಬ್ಬಸ ಇರುವವರಿಗೆ ಆಗಿಬರುವುದಿಲ್ಲವಂತೆ. ಬೇರೆ ಮಾತ್ರೆ ಯೋಚಿಸಿದರು.

ಕಣ್ಣೊಳಗೆ ದೀಪ ಬಿಟ್ಟು ನೋಡಿದರು, ಮಂಡಿಗೆ ಪುಟ್ಟ ಸುತ್ತಿಗೆಯಲ್ಲಿ ತಟ್ಟಿದರು, ನಗಿಸಿದರು, ಗೆರೆಯ ಮೇಲೆ ನಡೆಸಿದರು. ಇವರು ಸರ್ಕಸ್ಸಿಗೆ ಸೇರಿದಂತೆ ಗಂಭೀರವಾಗಿ ನಡೆದರು. ಎಲ್ಲ ಸರಿಯಿತ್ತು.

ಆಗ ನಾನು ಸೊಂಟದಿಂದ ಚೀಟಿ ತೆಗೆದೆ. ಕೇಳಬೇಕಾದ ಐದು ಪ್ರಶ್ನೆ. ಬರೆದೊಯ್ಯದಿದ್ದರೆ ಅವು ನೆನಪಾಗುವುದು ಆಟೋ ಹತ್ತಿದ ಮೇಲೆಯೇ. ಇದರ ಹೆಸರೇನು? ಮೈಗ್ರೇನ್. ಜೊತೆಗೆ ನೋವಿನ ಮಾತ್ರೆ ಅತಿಯಾಗಿ ಹುಟ್ಟಿದ ತಲೆನೋವಿನ ಗುಮಾನಿ. ಸ್ಕ್ಯಾನ್ ಬೇಕೇ, ಬೇಡವಾದರೆ ಯಾಕೆ? ಹಳೆಯ ನೋವು, ಚಹರೆ ಬದಲಾಗಿಲ್ಲ, ಪರೀಕ್ಷೆಯಲ್ಲಿ ದೋಷವಿಲ್ಲ, ಆದ್ದರಿಂದ ಸದ್ಯ ಬೇಡ. ಸ್ಕ್ಯಾನ್ ಇಲ್ಲದೆ ಬಂದರೆ ಆಫೀಸಿನಲ್ಲಿ ಮರ್ಯಾದೆ ಏನಾಗಬೇಕೆಂದು ಇವರಿಗೆ ಬೇಸರ.

ಮೂರನೆಯದು, ನೋವು ಬಂದಾಗ ಏನು ನುಂಗಬೇಕು, ತಿಂಗಳಿಗೆ ಎಷ್ಟು ದಿನ ಮೀರಬಾರದು? ಇಲ್ಲಿ ಚುಕ್ಕೆಗಳು ಸಾಕ್ಷಿ ಹೇಳಿದವು. ಬರೀ ಪ್ಯಾರಸಿಟಮಾಲಿನಂಥದ್ದನ್ನು ತಿಂಗಳಿಗೆ 15 ದಿನ, ಇವರ ಪಟ್ಟಿಯ ಬೆನ್ನ ಮೇಲಿದ್ದ ಹಾಗೆ ಕೆಫೀನ್ ಮುಂತಾದವು ಬೆರೆತದ್ದನ್ನು 10 ದಿನ, ಮೂರು ತಿಂಗಳು ಮೀರಿ ತಿಂದರೆ ಔಷಧವೇ ನೋವಿಗೆ ಗೊಬ್ಬರವಾಗುತ್ತದಂತೆ. ಎಷ್ಟು ಮಾತ್ರೆ ಎನ್ನುವುದಕ್ಕಿಂತ ಎಷ್ಟು ದಿನ ಎನ್ನುವುದೇ ಮುಖ್ಯ. ಇವರದು ಹದಿನಾರು! ಬಿಡಿಸುವಾಗ ಮೊದಮೊದಲು ನೋವು ಹೆಚ್ಚಬಹುದು, ಹೆದರಬೇಡಿ ಎಂದು ಹೇಗೆ ಬಿಡಬೇಕೆಂದು ಬರೆದುಕೊಟ್ಟರು. ನಾಲ್ಕನೆಯದು, ದಿನಾ ನುಂಗುವ ಹೊಸ ಮಾತ್ರೆ ಕೆಲಸ ಮಾಡುತ್ತಿದೆಯೆಂದು ಯಾವಾಗ ಗೊತ್ತಾಗುತ್ತದೆ, ತೊಂದರೆ ಏನಾಗಬಹುದು? ಎರಡು ಮೂರು ತಿಂಗಳು ಕೊಟ್ಟು ನೋಡಬೇಕು, ವಾರಕ್ಕೇ ಬಿಸಾಡಬಾರದು, ಮೊದಲು ಸ್ವಲ್ಪ ತೂಕಡಿಕೆ ಬರಬಹುದು. ಬಸಿರಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಈ ಪ್ರಶ್ನೆಯ ಜೊತೆಗೇ ಅದನ್ನೂ ಹೇಳಬೇಕು, ಈ ಬಗೆಯ ಕೆಲವು ಮಾತ್ರೆ ಮಗುವಿಗೆ ಆಗದು. ಐದನೆಯದು, ಏನಾದರೆ ಕಾಯದೆ ಬರಬೇಕು? ಆಗಲೇ ಹೇಳಿದೆನಲ್ಲ, ಅವೇ.

"ಈ ಹಾಳೆ ನನ್ನ ಹತ್ರ ಇರಲಿ, ಮುಂದಿನ ತಿಂಗಳೂ ಹೀಗೇ ಬರೆದು ತನ್ನಿ" ಎಂದು ಡಾಕ್ಟರಮ್ಮ ಫೈಲಿಗೆ ಸೇರಿಸಿದರು.

ಒಂದನೇ ತಾರೀಕು ಹಾಲಿನವನು ಬಂದ. "ಅಮ್ಮಾ, ಹೋದ ತಿಂಗಳ ಲೆಕ್ಕ?" ಗೋಡೆ ನೋಡಿದೆ, ಹಾಳೆ ಎಲ್ಲಿದೆ! "ಲೆಕ್ಕ ನರಗಳ ಡಾಕ್ಟರ ಹತ್ರ ಇದೆ ಕಣಪ್ಪ" ಎಂದೆ. ಅವನು ಕ್ಯಾನು ಕೆಳಗಿಟ್ಟು, ಗಾಬರಿಯಿಂದ ಒಳಗೆ ಇಣುಕಿ ಕೇಳಿದ, "ಯಾಕಮ್ಮಾ, ನಮ್ಮ ಹಾಲು ಕುಡಿದು ಯಜಮಾನ್ರಿಗೆ ಏನಾದ್ರೂ ಆಯ್ತಾ?"