ತೂತುಬೋಗುಣಿ ಬಾಯಿಬಿಟ್ಟಾಗ

ಕೀನ್ಯಾ ದೇಶದ ನನ್ಯುಕಿ ಎಂಬ ಊರಿನ ಮೇಲೆ ಭೂಮಧ್ಯರೇಖೆ ಹಾದುಹೋಗುತ್ತದೆ. ಅಲ್ಲಿನ ದೊಡ್ಡ ಫಲಕದ ಬಳಿ ಪ್ರವಾಸಿಗರ ವ್ಯಾನು ನಿಂತರೆ ಸಾಕು, ಒಬ್ಬಾತ ತಳದಲ್ಲಿ ತೂತಿರುವ ಬೋಗುಣಿ ಹಿಡಿದು ಹಾಜರಾಗುತ್ತಾನೆ. ರೇಖೆಯಿಂದ ಇಪ್ಪತ್ತು ಮೀಟರ್ ಉತ್ತರಕ್ಕೆ ಹೋಗಿ ನೀರು ಬಿಟ್ಟರೆ ತೇಲುವ ಬೆಂಕಿಕಡ್ಡಿ ಒಂದು ಕಡೆಗೆ ಸುತ್ತುತ್ತದೆ, ದಕ್ಷಿಣಕ್ಕೆ ಹೋದರೆ ಇನ್ನೊಂದು ಕಡೆಗೆ. ರೇಖೆಯ ಮೇಲೆಯೇ ನಿಂತರೆ ಸುತ್ತುವುದೇ ಇಲ್ಲ. ‘ಚಂಡಮಾರುತಗಳು ತಿರುಗುವುದೂ ಹೀಗೆಯೇ’ ಎಂದು ಆತ ಹೇಳುತ್ತಾನೆ. ಜನ ಚಪ್ಪಾಳೆ ತಟ್ಟಿ, ಕಾಸು ಕೊಟ್ಟು, ಪ್ರಮಾಣಪತ್ರ ಕೊಂಡು ಮುಂದೆ ಹೋಗುತ್ತಾರೆ. ಆಟ ಮುಗಿದ ಮೇಲೆ ಬೇಲಿಗೆ ಒರಗಿ ಒಣಗುತ್ತಿದ್ದ ಆ ಬೋಗುಣಿಯೊಂದಿಗೆ ನಡೆದ ಮಾತುಕತೆ ಇದು.

ನಮಸ್ಕಾರ. ಇಷ್ಟು ವರ್ಷಗಳಿಂದ ಜಗತ್ತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೀರಿ. ಹೇಗನ್ನಿಸುತ್ತದೆ?

ತಳದಲ್ಲಿ ತೂತಿರುವವರ ಹತ್ತಿರ ಗುಟ್ಟು ನಿಲ್ಲುವುದಿಲ್ಲ ಸ್ವಾಮಿ, ಹೇಳಿಬಿಡುತ್ತೇನೆ. ನಾನು ತೋರಿಸುವುದು ವಿಜ್ಞಾನವಲ್ಲ, ಹೊಟ್ಟೆಪಾಡು. ಯಜಮಾನರು ನೀರು ತುಂಬಿದ ನನ್ನನ್ನು ಎತ್ತಿಕೊಂಡು ಉತ್ತರಕ್ಕೆ ನಡೆಯುತ್ತಾರೆ, ಅಲ್ಲಿ ನಿಮ್ಮ ಕಡೆಗೆ ಮುಖಮಾಡಲು ಒಂದು ಮಗ್ಗುಲಿಗೆ ತಿರುಗುತ್ತಾರೆ. ದಕ್ಷಿಣದಲ್ಲಿ ಇನ್ನೊಂದು ಮಗ್ಗುಲಿಗೆ. ಆ ತಿರುವಿನಲ್ಲೇ ನೀರಿಗೆ ಬೇಕಾದಷ್ಟು ಸುಳಿ ಸಿಕ್ಕಿಬಿಡುತ್ತದೆ. ಬೆರಳು ತೆಗೆದಾಗ ಅದೇ ಬಲವಾಗಿ ಕಾಣುತ್ತದೆ. ರೇಖೆಯ ಮೇಲೆ ಮಾತ್ರ ಅಲುಗಾಡದೆ ನಿಂತು ನೀರು ಬಿಡುತ್ತಾರೆ. ನೋಡುವವರ ಕಣ್ಣೆಲ್ಲ ಬೆಂಕಿಕಡ್ಡಿಯ ಮೇಲೆ, ಯಜಮಾನರ ಪಾದವನ್ನು ಯಾರೂ ನೋಡುವುದಿಲ್ಲ.

ಅಂದರೆ ಭೂಮಿ ತಿರುಗುವುದಕ್ಕೂ ನಿಮಗೂ ಸಂಬಂಧವೇ ಇಲ್ಲವೆ?

ಇದೆ, ಆದರೆ ದೂರದ ನೆಂಟಸ್ತಿಕೆ. ಲೆಕ್ಕ ಹೇಳುತ್ತೇನೆ ಕೇಳಿ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವಾಗ ನಿಮ್ಮ ಕಾಲಡಿಯ ನೆಲವೂ ಇದ್ದಲ್ಲೇ ನಿಧಾನವಾಗಿ ತಿರುಗುತ್ತಿರುತ್ತದೆ. ಉತ್ತರ ಧ್ರುವದಲ್ಲಿ ನಿಂತರೆ ಸುಮಾರು 24 ಗಂಟೆಗೆ ಒಂದು ಪೂರ್ತಿ ಸುತ್ತು. ಕೆಳಗೆ ಬಂದಂತೆ ಈ ತಿರುಗು ಸೊರಗುತ್ತದೆ. ನಿಮ್ಮ ಬೆಂಗಳೂರಿನ 13 ಡಿಗ್ರಿಯಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ದಿನ ಹಿಡಿಯುತ್ತದೆ. ಭೂಮಧ್ಯರೇಖೆಯಲ್ಲಿ ನೆಲ ಪೂರ್ವಕ್ಕೆ ಗಂಟೆಗೆ 1670 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಆದರೆ ಇದ್ದಲ್ಲೇ ಸುತ್ತುವುದು ಸೊನ್ನೆ. ಹಾಗಾದರೆ ರೇಖೆಯಿಂದ ಇಪ್ಪತ್ತು ಮೀಟರ್ ಆಚೆ ಎಷ್ಟು? ಒಂದು ಸುತ್ತಿಗೆ ಸುಮಾರು 870 ವರ್ಷ. ನನ್ನ ನೀರು ಖಾಲಿಯಾಗಲು ಒಂದು ನಿಮಿಷ ಸಾಕು. ಇಷ್ಟು ಲೆಕ್ಕ ಹಾಕುವ ಪ್ರವಾಸಿಗ ಬಂದ ದಿನ ನಮ್ಮ ಅಂಗಡಿಗೆ ಬೀಗ.

ಹಾಗಾದರೆ ಚಂಡಮಾರುತದ ವಿಷಯವೂ ಸುಳ್ಳೆ?

ಅಯ್ಯೋ, ಅದು ಸತ್ಯ. ಸತ್ಯದ ಹೆಸರಿನಲ್ಲಿ ಸುಳ್ಳು ಮಾರುವುದೇ ನಮ್ಮ ಕಸುಬು. ಉತ್ತರ ಗೋಳಾರ್ಧದ ಚಂಡಮಾರುತ ಅಪ್ರದಕ್ಷಿಣೆ ಬರುತ್ತದೆ, ದಕ್ಷಿಣದ್ದು ಪ್ರದಕ್ಷಿಣೆ. ನನಗೂ ಅದಕ್ಕೂ ಇರುವ ವ್ಯತ್ಯಾಸ ಗಾತ್ರದ್ದು ಮತ್ತು ತಾಳ್ಮೆಯದ್ದು. ನಾನು ಒಂದು ಗೇಣು, ಒಂದು ನಿಮಿಷ. ಅದು ನೂರಾರು ಕಿಲೋಮೀಟರ್, ಹಲವು ದಿನ.

ಬಂಗಾಳ ಕೊಲ್ಲಿಯಲ್ಲಿ 15 ಡಿಗ್ರಿ ಉತ್ತರದಲ್ಲಿ ಬಿಸಿ ಕಡಲಿನ ಮೇಲೆ ವಾಯುಭಾರ ಕುಸಿದಿದೆ ಎನ್ನಿ. ಆ ನಡುವಿನಿಂದ 300 ಕಿಲೋಮೀಟರ್ ದೂರದಲ್ಲಿ ಗಾಳಿ ಸುಮ್ಮನೆ ನಿಂತಿದೆ, ಎಲೆಯೂ ಅಲುಗಾಡುತ್ತಿಲ್ಲ. ನಿಮಗೆ ಅದು ನಿಂತ ಗಾಳಿ. ಆದರೆ ಕೆಳಗಿನ ಕಡಲೇ ತಿರುಗುತ್ತಿದೆಯಲ್ಲ? ಅದರ ಜೊತೆ ಈ ಗಾಳಿಯೂ ಆ ನಡುವಿನ ಸುತ್ತ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಲೇ ಇದೆ. ಈಗ ಒತ್ತಡ ಕಡಿಮೆಯಿರುವ ಕಡೆಗೆ ಅದನ್ನು ಎಳೆದು 30 ಕಿಲೋಮೀಟರ್ ದೂರಕ್ಕೆ ತನ್ನಿ. ದೂರ ಹತ್ತರಲ್ಲಿ ಒಂದಾಯಿತು, ಆದ್ದರಿಂದ ಸುತ್ತುವ ವೇಗ ಹತ್ತು ಪಟ್ಟು. ಅಂದರೆ ಗಂಟೆಗೆ 200 ಕಿಲೋಮೀಟರ್! ಕಡಲಿನ ಮೇಲ್ಮೈ ಉಜ್ಜಿ ಉಜ್ಜಿ ಅದರಲ್ಲಿ ದೊಡ್ಡ ಪಾಲನ್ನು ತಿಂದುಹಾಕುತ್ತದೆ ಎನ್ನುವುದು ಬೇರೆ ಮಾತು. ಆದರೂ ಬಂಡವಾಳ ಎಲ್ಲಿಂದ ಬಂತೆಂದು ಗೊತ್ತಾಯಿತಲ್ಲ? ಅದು ಭೂಮಿ ಕೊಟ್ಟ ಸಾಲ.

ದಿಕ್ಕು ಬೇರೆಯಾಗುವುದು ಏಕೆ? ಭೂಮಿ ಇರುವುದು ಒಂದೇ, ತಿರುಗುವುದೂ ಒಂದೇ ಕಡೆಗೆ.

ಗಾಜಿನ ಮೇಜಿನ ಮೇಲೆ ಬುಗುರಿ ಆಡಿಸಿ. ಮೇಲಿನಿಂದ ನೋಡಿದವನು ಅಪ್ರದಕ್ಷಿಣೆ ಎನ್ನುತ್ತಾನೆ, ಮೇಜಿನ ಕೆಳಗೆ ಮಲಗಿ ನೋಡಿದವನು ಪ್ರದಕ್ಷಿಣೆ ಎನ್ನುತ್ತಾನೆ. ಇಬ್ಬರೂ ಜಗಳವಾಡಿ ಕೋರ್ಟಿಗೆ ಹೋದರೆ ಇಬ್ಬರೂ ಗೆಲ್ಲುತ್ತಾರೆ. ಒಡಿಶಾದವನ ತಲೆ ಉತ್ತರ ಧ್ರುವದ ಕಡೆ ವಾಲಿದೆ, ಮಡಗಾಸ್ಕರದವನ ತಲೆ ದಕ್ಷಿಣದ ಕಡೆ. ತಿರುಗು ಒಂದೇ, ನೋಡುವ ಮಗ್ಗುಲು ಬೇರೆ.

ನಾವು ಶಾಲೆಯಲ್ಲಿ ಓದಿದ್ದು ಬೇರೆ. ಕೊರಿಯೊಲಿಸ್ ಪರಿಣಾಮದಿಂದ ಉತ್ತರದಲ್ಲಿ ಗಾಳಿ ಬಲಕ್ಕೆ ವಾಲುತ್ತದೆ ಎಂದು. ಬಲಕ್ಕೆ ವಾಲಿದರೆ ಪ್ರದಕ್ಷಿಣೆ ಆಗಬೇಕಲ್ಲ?

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೊಂದು ಪ್ರಮಾಣಪತ್ರ ಪುಕ್ಕಟೆ ಕೊಡಿಸುತ್ತೇನೆ. ಬಲಕ್ಕೆ ವಾಲುವುದು ನಿಜ, ಆದರೆ ಯಾವುದರ ಬಲಕ್ಕೆ? ದಕ್ಷಿಣದಿಂದ ನಡುವಿನ ಕಡೆಗೆ ಹೊರಟ ಗಾಳಿಯನ್ನು ಹಿಂಬಾಲಿಸಿ. ಅದು ಉತ್ತರಕ್ಕೆ ಹೋಗುತ್ತಿದೆ, ಬಲಕ್ಕೆ ವಾಲಿದರೆ ಪೂರ್ವಕ್ಕೆ ಸರಿಯುತ್ತದೆ. ಹೀಗೆ ಗುರಿ ತಪ್ಪಿ ನಡುವಿನ ಪೂರ್ವದ ಮಗ್ಗುಲಲ್ಲಿ ಉತ್ತರಕ್ಕೆ ಹಾದುಹೋಗುತ್ತದೆ. ಉತ್ತರದಿಂದ ಬಂದದ್ದು ಪಶ್ಚಿಮದ ಮಗ್ಗುಲಲ್ಲಿ ದಕ್ಷಿಣಕ್ಕೆ ಹಾಯುತ್ತದೆ. ಕಾಗದದ ಮೇಲೆ ಈ ಎರಡು ಬಾಣ ಬರೆದು ನೋಡಿ, ಸುತ್ತು ಅಪ್ರದಕ್ಷಿಣೆಯೇ. ಪ್ರತಿಯೊಬ್ಬನೂ ಬಲಕ್ಕೆ ತಪ್ಪಿಸಿಕೊಳ್ಳಲು ಹೋಗಿ, ನಡುವನ್ನು ತನ್ನ ಎಡಗಡೆ ಇಟ್ಟುಕೊಂಡು ಸುತ್ತಬೇಕಾಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಇದರಿಂದ ನಿಮ್ಮ ಕರಾವಳಿಯವರಿಗೆ ಒಂದು ಉಪಯೋಗವೂ ಇದೆ. ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಚಂಡಮಾರುತದ ನಡು ನಿಮ್ಮ ಎಡಗಡೆ ಇರುತ್ತದೆ. ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ 1857ರಲ್ಲಿ ಹೇಳಿದ ನಿಯಮ ಅದು. 2021ರ ಮೇ ತಿಂಗಳಲ್ಲಿ ತೌಕ್ತೆ ಅರಬ್ಬಿ ಸಮುದ್ರದಲ್ಲಿ ಉತ್ತರಕ್ಕೆ ಹೊರಟಾಗ ನಿಮ್ಮ ಕರಾವಳಿ ಅದರ ಪೂರ್ವದ ಮಗ್ಗುಲಲ್ಲಿತ್ತು. ಆ ಮಗ್ಗುಲಲ್ಲಿ ಗಾಳಿ ಬೀಸುವುದು ತೆಂಕಣದಿಂದ. ಅದಕ್ಕೆ ಬೆನ್ನು ಕೊಟ್ಟರೆ ಮುಖ ಉತ್ತರಕ್ಕೆ, ಎಡಗೈ ಕಡಲಿಗೆ. ಮಡಗಾಸ್ಕರದಲ್ಲಿ ಮಾತ್ರ ಬಲಗೈ ಚಾಚಬೇಕು.

ಉತ್ತರ ದಕ್ಷಿಣ ಎರಡೂ ಕಡೆ ಒಟ್ಟೊಟ್ಟಿಗೆ ತಿರುಗಿದ್ದನ್ನು ಯಾರಾದರೂ ಕಂಡಿದ್ದಾರೆಯೆ? ಅಥವಾ ಅದೂ ನಿಮ್ಮ ಬೆಂಕಿಕಡ್ಡಿಯ ಹಾಗೆಯೆ?

2022ರ ಮೇ ತಿಂಗಳ ಉಪಗ್ರಹ ಚಿತ್ರ ನೋಡಿ. ಹಿಂದೂ ಮಹಾಸಾಗರದಲ್ಲಿ ನನ್ನ ರೇಖೆಯ ಮೇಲೊಂದು, ಕೆಳಗೊಂದು ಅವಳಿ ಚಂಡಮಾರುತ. ಬಂಗಾಳ ಕೊಲ್ಲಿಯದು ಅಸಾನಿ, ದಕ್ಷಿಣದ್ದು ಕರೀಮ್. ಒಂದೇ ರೇಖಾಂಶದ ಆಸುಪಾಸಿನಲ್ಲಿ ಎದುರುಬದುರು ನಿಂತು ಒಂದು ಹೀಗೆ, ಒಂದು ಹಾಗೆ ಸುತ್ತಿದವು. ಇಂಥ ಜೋಡಿ ಹುಟ್ಟುವುದಕ್ಕೆ ಒಂದೇ ಗಾಳಿ ಸಾಕು. ಕೆಲವು ಸಲ ಭೂಮಧ್ಯರೇಖೆಯ ಉದ್ದಕ್ಕೂ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಕೆಲವು ದಿನ ನುಗ್ಗುತ್ತದೆ. ನಡುವೆ ಜೋರು, ಅಕ್ಕಪಕ್ಕ ಮೆಲ್ಲಗೆ. ಆಗ ಅದರ ಉತ್ತರದ ಅಂಚಿನಲ್ಲಿ ಅಪ್ರದಕ್ಷಿಣೆಯ ಸುಳಿ ಮೂಡುತ್ತದೆ, ದಕ್ಷಿಣದ ಅಂಚಿನಲ್ಲಿ ಪ್ರದಕ್ಷಿಣೆಯದು. ಎರಡೂ ಭೂಮಿಯ ತಿರುಗಿಗೆ ಹೊಂದುವ ದಿಕ್ಕುಗಳೇ ಆದ್ದರಿಂದ ಎರಡೂ ಬೆಳೆಯುತ್ತವೆ. ಅಸಾನಿ ಬಲಗುಂದಿ ಆಂಧ್ರದ ಕರಾವಳಿ ಸೇರಿತು, ಕರೀಮ್ ನಡುಗಡಲಿನಲ್ಲೇ ಉಳಿಯಿತು. ಅಣ್ಣತಮ್ಮಂದಿರು ರೇಖೆ ದಾಟಿ ಒಬ್ಬರ ಮನೆಗೊಬ್ಬರು ಹೋಗಲಿಲ್ಲ. ಹೋಗುವುದೂ ಇಲ್ಲ.

ವೀಸಾ ಸಿಗುವುದಿಲ್ಲವೆ?

ದಾರಿಖರ್ಚೇ ಸಿಗುವುದಿಲ್ಲ. ರೇಖೆಯಿಂದ ಐದು ಡಿಗ್ರಿಯೊಳಗೆ ಭೂಮಿ ಕೊಡುವ ಸಾಲ ತೀರ ಸಣ್ಣದು, ಅಲ್ಲಿ ಚಂಡಮಾರುತ ಹುಟ್ಟುವುದೇ ಅಪರೂಪ. ವಾಮೇ ಎಂಬುದೊಂದು 2001ರ ಡಿಸೆಂಬರಿನಲ್ಲಿ ಸಿಂಗಪುರದ ಹತ್ತಿರ, ಒಂದೂವರೆ ಡಿಗ್ರಿಯಷ್ಟು ಸಮೀಪದಲ್ಲಿ ಎದ್ದಿತು. ಚಳಿಗಾಲದ ಈಶಾನ್ಯ ಗಾಳಿ, ಬೋರ್ನಿಯೊ ಬಳಿಯ ಹಳೆಯ ಸುಳಿ ಎರಡೂ ಸೇರಿ ಅದಕ್ಕೆ ಕೈಗಡ ಕೊಟ್ಟಿದ್ದವು.

ಕೊನೆಗೆ ನಿಮ್ಮ ವಿಷಯಕ್ಕೇ ಬರೋಣ. ಬೋಗುಣಿಗಳು ಪ್ರಾಮಾಣಿಕವಾಗಿ ಬದುಕಲು ಸಾಧ್ಯವೇ ಇಲ್ಲವೆ?

ಒಬ್ಬರು ಬದುಕಿ ತೋರಿಸಿದ್ದಾರೆ, ನಮ್ಮ ಕುಲಕ್ಕೇ ದೊಡ್ಡವರು. ಅಮೆರಿಕದ ಎಂಐಟಿಯಲ್ಲಿ ಆಷರ್ ಶಪಿರೊ ಎಂಬ ಪ್ರೊಫೆಸರು 1962ರಲ್ಲಿ ಪ್ರಕಟಿಸಿದ ಪ್ರಯೋಗ. 1.8 ಮೀಟರ್ ಅಗಲದ ತೊಟ್ಟಿ, ಗೇಣಿಗಿಂತ ಕಡಿಮೆ ನೀರು, ನಡುವೆ ಬೆರಳಗಲದ ತೂತು. ತುಂಬುವಾಗ ಬೇಕೆಂದೇ ನೀರಿಗೆ ಪ್ರದಕ್ಷಿಣೆಯ ಸುಳಿ ಕೊಟ್ಟರು, ಅಂದರೆ ಬರಬೇಕಾದ ಉತ್ತರಕ್ಕೆ ವಿರುದ್ಧವಾದದ್ದು. ಆಮೇಲೆ ಹಾಳೆ ಮುಚ್ಚಿ, ಕೋಣೆಯ ಬಿಸಿ ಏರದಂತೆ ಇಳಿಯದಂತೆ ನೋಡಿಕೊಂಡು 24 ಗಂಟೆ ಕಾದರು. ಆ ಸುಳಿಯ ನೆನಪೆಲ್ಲ ನೀರಿನಿಂದ ಅಳಿಸಿಹೋಗಬೇಕು ಎನ್ನುವುದು ಅವರ ಹಟ. ಬಿರಡೆ ತೆಗೆದ ಮೇಲೆ ಹನ್ನೆರಡು ನಿಮಿಷಕ್ಕೂ ಹೆಚ್ಚು ಹೊತ್ತು ಮೇಲೆ ತೇಲುತ್ತಿದ್ದ ಕಡ್ಡಿ ಅಲುಗಾಡಿದ್ದು ಕಾಣಲಿಲ್ಲ. ತೊಟ್ಟಿ ಖಾಲಿಯಾಗಲು ಇಪ್ಪತ್ತು ನಿಮಿಷ ಬೇಕಿತ್ತು. ಕೊನೆಕೊನೆಗೆ ಕಡ್ಡಿ ಸುತ್ತತೊಡಗಿತು, ಅಪ್ರದಕ್ಷಿಣೆಯಾಗಿ. ಸಿಡ್ನಿಯವರು 1965ರಲ್ಲಿ ಇದನ್ನೇ ಮಾಡಿದರು, ಅಲ್ಲಿ ಪ್ರದಕ್ಷಿಣೆ ಬಂತು. ಅವಸರ ಮಾಡಿದ್ದರೆ ಇಬ್ಬರಿಗೂ ಸಿಗುತ್ತಿದ್ದದ್ದು ನೀರು ತುಂಬಿದವನ ಕೈಚಳಕ ಮಾತ್ರ.

ಸಿಡ್ನಿಯ ಕಮೋಡುಗಳಲ್ಲಿ ನೀರು ತಿರುಗಾಮುರುಗಾ ಸುತ್ತುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ...

ಅಂಚಿನ ಅಡಿಯ ತೂತುಗಳನ್ನು ಕಾರ್ಖಾನೆಯವರು ಯಾವ ಕಡೆಗೆ ಓರೆ ಮಾಡಿರುತ್ತಾರೋ ಆ ಕಡೆಗೆ ಸುತ್ತುತ್ತದೆ. ಎಲ್ಲರ ಮನೆ ದೋಸೆಯೂ ತೂತೇ, ತೂತಿನ ಓರೆ ಮಾತ್ರ ಬೇರೆ. ಇರಿ, ಅಗೋ ವ್ಯಾನು ಬಂತು. ಇಪ್ಪತ್ತೈದು ಜನ, ಅವರಲ್ಲಿ ಇಬ್ಬರು ಭೂಗೋಳದ ಮೇಷ್ಟ್ರು. ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ. ಈ ಸಲ ನೀವು ಅವರ ಪಾದದ ಕಡೆಗೇ ನೋಡುತ್ತಿರಿ, ಆದರೆ ಜೋರಾಗಿ ಏನೂ ಹೇಳಬೇಡಿ. ಮೇಷ್ಟ್ರುಗಳಿಗೆ ಪ್ರಮಾಣಪತ್ರ ಮಾರಿ ಆಗಿಲ್ಲ.