ಎಪ್ಪತ್ತೇಳು ಅಂಕದ ಮೌನ

ಎಂಬಿಎ ಪರೀಕ್ಷೆಯ ಡಚ್ ಮ್ಯಾನೇಜರ್‌ಗೆ ವಯಸ್ಸಾಗುವುದೇ ಇಲ್ಲ. ಪ್ರತಿ ಸೆಮಿಸ್ಟರ್ ಕೊನೆಗೂ ಬೆಂಗಳೂರಿಗೆ ಬಂದಿಳಿಯುತ್ತಾನೆ, ಮೀಟಿಂಗ್ ಕರೆಯುತ್ತಾನೆ, 'ನನ್ನ ಯೋಜನೆಯಲ್ಲಿ ತಪ್ಪಿದ್ದರೆ ಹೇಳಿ' ಎನ್ನುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಕಾರಣವನ್ನು ಹಾಫ್‌ಸ್ಟೀಡ್ ಮಾದರಿಯಂತೆ ವಿವರಿಸಿ. ಹತ್ತು ಅಂಕ.

ಉತ್ತರ ಬಾಯಿಪಾಠ. ಅಧಿಕಾರ ಅಂತರದಲ್ಲಿ ಭಾರತಕ್ಕೆ 77, ನೆದರ್ಲೆಂಡ್ಸ್‌ಗೆ 38. ಮೇಲಿನವರ ಎದುರು ಮಾತಾಡದಿರುವುದು ನಮ್ಮ ಸಂಸ್ಕೃತಿ, ಆದ್ದರಿಂದ ಮೌನ. ಎರಡು ಸಂಖ್ಯೆ ಬರೆದು ಪಟ್ಟಿ ಹಾಕಿದರೆ ಎಂಟು ಅಂಕಕ್ಕೆ ಮೋಸವಿಲ್ಲ.

ಅದೇ ಕೇಸಿನ ನಾಲ್ಕನೇ ಸಾಲಿನಲ್ಲಿ, ಹಿಂದಿನ ಮೀಟಿಂಗ್‌ನಲ್ಲಿ ಆಕ್ಷೇಪ ಎತ್ತಿದ್ದ ಇಂಜಿನಿಯರ್‌ಗೆ ಆ ವರ್ಷ ಇನ್‌ಕ್ರಿಮೆಂಟ್ ಸಿಗಲಿಲ್ಲ ಎಂದು ಇರುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ಹಿಡಿದು ಉತ್ತರ ಬರೆದ ಹುಡುಗಿಯ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿ ಕೇಳುತ್ತದೆ: 'ಥಿಯರಿ ಎಲ್ಲಿ?'

ಥಿಯರಿ ಇರುವುದು ಐಬಿಎಂ ಕಂಪನಿಯ ಕಡತದಲ್ಲಿ. 1967ರಿಂದ 1973ರವರೆಗೆ ನಾನಾ ದೇಶಗಳ ಐಬಿಎಂ ನೌಕರರು ತುಂಬಿಕೊಟ್ಟ ಪ್ರಶ್ನಾವಳಿಗಳಿಂದ ಗೀರ್ಟ್ ಹಾಫ್‌ಸ್ಟೀಡ್ ಈ ಅಂಕಗಳನ್ನು ಕಟ್ಟಿದರು. ಪುಸ್ತಕ ಬಂದದ್ದು 1980ರಲ್ಲಿ. ಅಷ್ಟರೊಳಗೆ, 1978ರಲ್ಲಿ, ಐಬಿಎಂ ಭಾರತದಿಂದ ಗಂಟುಮೂಟೆ ಕಟ್ಟಿತ್ತು. ಕಂಪನಿ ಹೋಯಿತು, 77 ಮಾತ್ರ ಇಲ್ಲೇ ಕಾಯಂ ಆಯಿತು.

ಅಧಿಕಾರ ಅಂತರದ ಅಂಕಕ್ಕೆ ಆಧಾರ ಮೂರೇ ಪ್ರಶ್ನೆ. ನಿಮ್ಮ ಬಾಸ್ ಎಂಥವರು, ನಿಮಗೆ ಎಂಥ ಬಾಸ್ ಬೇಕು ಎಂಬವು ಎರಡು. ಇನ್ನೊಂದು, ಮ್ಯಾನೇಜರ್ ಮಾತಿಗೆ ಒಪ್ಪಿಗೆ ಇಲ್ಲ ಎನ್ನಲು ನೌಕರರು ಎಷ್ಟು ಸಲ ಹೆದರುತ್ತಾರೆ ಎಂಬುದು. ಹೆದರುತ್ತೇವೆ ಎಂದ ನೌಕರರಿಂದ ಅಂಕ ಹೆಚ್ಚಿತು. ಈಗ ನೌಕರರು ಯಾಕೆ ಹೆದರುತ್ತಾರೆ ಎಂದರೆ, ಅಂಕ ಹೆಚ್ಚಿದೆಯಲ್ಲ, ಅದಕ್ಕೇ! ಜ್ವರ ಯಾಕೆ ಬಂತು ಎಂದರೆ ಥರ್ಮಾಮೀಟರ್ ತೋರಿಸುವ ವೈದ್ಯರಿಗೆ ನಾವು ಫೀಸು ಕೊಡುತ್ತೇವೆಯೇ?

ವ್ಯಕ್ತಿವಾದದ ಪಾಡು ಇನ್ನೂ ಸೊಗಸು. ಅದೇ ಪುಸ್ತಕದಲ್ಲಿ ಭಾರತಕ್ಕೆ 48, ಜಪಾನಿಗೆ 46. ಜಪಾನಿಗಿಂತ ನಾವು ಕೂದಲೆಳೆಯಷ್ಟು ಹೆಚ್ಚೇ ವ್ಯಕ್ತಿವಾದಿಗಳು. ಮಾದರಿ ಉತ್ತರದಲ್ಲಿ ಮಾತ್ರ ಭಾರತೀಯ ನೌಕರ ಕೂಡುಕುಟುಂಬದ ಅಪ್ಪಣೆ ಇಲ್ಲದೆ ಸ್ಟೇಪ್ಲರ್ ಕೂಡ ಮುಟ್ಟುವುದಿಲ್ಲ.

ಹಾಫ್‌ಸ್ಟೀಡ್ ಅವರ ಮೇಲೆ ಎಲ್ಲ ಹೊರೆ ಹಾಕುವುದು ಅನ್ಯಾಯ. ಇವು ದೇಶದೇಶಗಳನ್ನು ಹೋಲಿಸುವ ಸರಾಸರಿಗಳು, ಒಬ್ಬ ವ್ಯಕ್ತಿಯನ್ನು ಅಳೆಯಲು ಬಳಸಬೇಡಿ ಎಂದು ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಗೈಡಿನಲ್ಲಿ ಅಚ್ಚಾಗಲಿಲ್ಲ. ಅಚ್ಚಾಗಿದ್ದರೂ, ಮೇಷ್ಟ್ರ ಮಾದರಿ ಉತ್ತರ ತಪ್ಪು ಎಂದು ಬರೆದು ಪಾಸಾಗುವ ಧೈರ್ಯ ಯಾರಿಗಿದೆ?

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ವಿನಂತಿ. ಮುಂದಿನ ಸಲ ಮ್ಯಾನೇಜರ್ ಯಾವ ದೇಶದವನು ಎಂಬುದನ್ನು ಕೇಸಿನಿಂದ ಅಳಿಸಿಬಿಡಿ. ಇನ್‌ಕ್ರಿಮೆಂಟ್ ಕಳೆದುಕೊಂಡ ಇಂಜಿನಿಯರ್ ಎಷ್ಟು ಜನರ ಕಣ್ಣಿಗೆ ಬೀಳುತ್ತಾನೆ ನೋಡೋಣ.