ದೃಢಪಟ್ಟಿಲ್ಲ ಅಂದ್ರ ಏನ್ರಿ?

ನಮ್ಮ ಮನೆಗೂ ಆಚೆ ಮನೆಗೂ ನಡುವೆ ಇರುವುದು ಸೊಂಟದೆತ್ತರ ನಿಲ್ಲಿಸಿದ ಶಹಾಬಾದ ಫರಸಿ. ನಮ್ಮ ಊರು ಆಡಕಿಯಲ್ಲಿ ಹರಟೆಗೆ ಬೇಕಾದ ಪೀಠೋಪಕರಣ ಅಷ್ಟೇ. ಆಚೆ ಮನೆಯಾಕೆ ಆ ಕಡೆ ತೊಗರಿ ಹಸನು ಮಾಡುತ್ತಾ ಕೂತಿರುತ್ತಾಳೆ, ನಾನು ಈಚೆ ಕಡೆ ಫೋನು ಹಿಡಿದು ನಿಂತಿರುತ್ತೇನೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಉಳಿದ ಉದ್ಯೋಗ ಫಾರ್ವರ್ಡ್ ಮಾಡುವುದು. ಆಕೆ ಆಶಾ ಕಾರ್ಯಕರ್ತೆ. ಅಂದರೆ ನಾನು ಊರಿಗೆ ಹಬ್ಬಿಸಿದ್ದನ್ನು ಮನೆಮನೆಗೆ ಹೋಗಿ ಗುಡಿಸುವವಳು.

ಮೊನ್ನೆ ಮತ್ತೊಂದು ಬಂದಿತ್ತು: ಕೊರೊನಾ ಲಸಿಕೆ ತಗೊಂಡವರ ರಕ್ತ ಹೆಪ್ಪುಗಟ್ಟುತ್ತದೆ, ಕಂಪನಿಯೇ ಕೋರ್ಟಿನಲ್ಲಿ ಒಪ್ಪಿಕೊಂಡಿದೆ, ಎಲ್ಲರಿಗೂ ಕಳಿಸಿ. ನಾನು ಆಗಲೇ ಮೂರು ಗುಂಪಿಗೆ ಕಳಿಸಿಬಿಟ್ಟಿದ್ದೆ. ಕಳಿಸಿದ ಮೇಲೆ ಓದಿ ಹೇಳಿದೆ.

ಆಕೆ ಮೊರ ಕೆಳಗಿಟ್ಟಳು. "ಮಾಸ್ತರ್ರಿ, ಅದು ಪೂರಾ ಸುಳ್ಳಲ್ಲ."

ನಾನು ಬೈಗುಳಕ್ಕೆ ತಯಾರಾಗಿದ್ದೆ. ಇದನ್ನು ನಿರೀಕ್ಷಿಸಿರಲಿಲ್ಲ.

"ಪೂರಾ ಸುಳ್ಳಿದ್ದರ ನಮಗ ಕೆಲಸ ಹಗುರ ಇರ್ತದ್ರಿ. ಅದರಾಗ ಒಂದು ಕಾಳು ಖರೆ ಇರ್ತದಲ್ಲ, ಅದೇ ತ್ರಾಸ. ಆ ಕಾಳು ಮೊದಲೇ ನಾವು ಹೇಳಿದ್ದರ ನಿಮ್ಮ ಫೋನಿಗಿ ಕೆಲಸ ಇರ್ತಿದ್ದಿಲ್ಲ."

ಇಲ್ಲಿಂದ ಮಾತು 2020ರ ಮಾರ್ಚಿಗೆ ಹೋಯಿತು. ನಮ್ಮ ಕಡೆ ರೋಗದ ಯಾವ ಮಾತೂ ಕೊನೆಗೆ ಅಲ್ಲಿಗೇ ಹೋಗುತ್ತದೆ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದಲ್ಲವೇ. ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರು. ಹೈದರಾಬಾದಿಗೆ ಒಯ್ದು, ಅಲ್ಲಿಂದ ವಾಪಸು ತರುವಾಗ ಮಾರ್ಚ್ 10ರ ರಾತ್ರಿ ತೀರಿಕೊಂಡರು. ಕೊರೊನಾ ಎಂದು ಸರಕಾರ ಹೇಳಿದ್ದು 12ರಂದು. ಗಂಟಲ ದ್ರವ ಬೆಂಗಳೂರಿಗೆ ಹೋಗಬೇಕಿತ್ತು, ಪರೀಕ್ಷೆ ಆಗಬೇಕಿತ್ತು, ಫಲಿತಾಂಶ ಬರಬೇಕಿತ್ತು. ಆ ನಡುವಿನ ಹೊತ್ತಿನಲ್ಲಿ ಟಿವಿಯಲ್ಲಿ ಓಡಿದ್ದು ಎರಡೇ ಪದ: ಶಂಕಿತ, ದೃಢಪಟ್ಟಿಲ್ಲ.

"ನಮ್ಮ ಓಣ್ಯಾಗ ದೃಢಪಟ್ಟಿಲ್ಲ ಅಂದ್ರ ಏನಂತ ತಿಳಕೊಂಡ್ರು, ಗೊತ್ತೇನ್ರಿ? ಅರ್ಧ ಮಂದಿ ‘ಇಲ್ಲ’ ಅಂತ ತಿಳಕೊಂಡ್ರು. ಇನ್ನರ್ಧ ಮಂದಿ ‘ಅದ, ಮುಚ್ಚಿಡ್ಲಿಕತ್ತಾರ’ ಅಂತ. ಎರಡು ದಿನ ಬಿಟ್ಟು ‘ಹೌದು, ಕೊರೊನಾನೇ’ ಅಂದಾಗ ಮೊದಲಿನವರಿಗಿ ಮೋಸ ಆದಂಗ ಆಯ್ತು, ಎರಡನೇದವರು ‘ನಾವು ಹೇಳಿದ್ದಿಲ್ಲೇನು’ ಅಂದ್ರು. ಯಾರೂ ಸುಳ್ಳು ಹೇಳಿದ್ದಿಲ್ಲರಿ. ಆದ್ರ ಇಬ್ಬರೂ ನಮ್ಮನ್ನ ನಂಬೋದು ಬಿಟ್ರು."

ನಾನು ಕನ್ನಡ ಮಾಸ್ತರ. ದೃಢಪಟ್ಟಿಲ್ಲ ಎಂಬುದರ ತಪ್ಪು ವ್ಯಾಕರಣದ್ದಲ್ಲ ಅಂತ ವಾದ ಮಾಡಿದೆ. ಆಕೆ ಕೇಳಲಿಲ್ಲ. "ಹಂಗಾದ್ರ ಪಾಸಿಟಿವ್?" ಅಂದಳು. ನಾನು ಸುಮ್ಮನಾದೆ. ಆ ದಿನಗಳಲ್ಲಿ ಬೀಗರ ಮನೆಯಿಂದ "ರಿಪೋರ್ಟ್ ಪಾಸಿಟಿವ್ ಬಂತು" ಅಂತ ಫೋನು ಬಂದಾಗ "ಛಲೋ ಆಯ್ತು ಬಿಡ್ರಿ" ಅಂದವನು ನಾನೇ.

ಹಾಗಾದರೆ ಮಾರ್ಚ್ 11ರಂದು ಏನು ಹೇಳಬೇಕಿತ್ತು? ಆಕೆಯ ಹತ್ತಿರ ಉತ್ತರ ಸಿದ್ಧವಿತ್ತು, ನಾಲ್ಕು ವಾಕ್ಯ. ಒಬ್ಬ ಹಿರಿಯರು ತೀರಿಕೊಂಡಾರ, ಕೊರೊನಾ ಇರಬಹುದು. ಇದ್ದದ್ದು ಹೌದೋ ಅಲ್ಲೋ ಬೆಂಗಳೂರಿನ ಪರೀಕ್ಷೆ ಹೇಳ್ತದ, ಒಂದೆರಡು ದಿನ ಹಿಡೀತದ. ಅಲ್ಲಿತನಕ ಅದ ಅಂತಲೇ ತಿಳದು, ಅವರ ಹತ್ತಿರ ಇದ್ದವರನ್ನ ಮನ್ಯಾಗ ಇಟ್ಟು ನೋಡ್ಲಿಕತ್ತೀವಿ. ನಾಳೆ ಸಂಜಿಗಿ ಗೊತ್ತಾಗಲಿ ಬಿಡಲಿ, ಮತ್ತ ಬಂದು ಹೇಳ್ತೀವಿ.

ಕೊನೆಯ ವಾಕ್ಯವೇ ಮುಖ್ಯ ಅನ್ನುತ್ತಾಳೆ ಆಕೆ. ಮತ್ತೆ ಯಾವಾಗ ಬರುತ್ತೇವೆ ಎಂದು ಹೇಳದೆ ಹೋದರೆ ಜನ ಕಾಯುವುದಿಲ್ಲ, ಬೇರೆ ಕಡೆ ಕೇಳುತ್ತಾರೆ. ಬೇರೆ ಕಡೆ ಅಂದರೆ ನಾನು. ಆಮೇಲೆ ಆ ಹಿರಿಯರ ಮಗಳಿಗೂ, ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೂ ಸೋಂಕು ಬಂತು. ಕಾದು ನೋಡುವ ಆ ಎರಡು ದಿನ ಎಷ್ಟು ಬೆಲೆಯವು ಎಂದು ಆಗ ತಿಳಿಯಿತು.

ಮರುವರ್ಷ ಲಸಿಕೆ ಬಂದಾಗ ಆಕೆ ಮೊದಲ ವಾರ ಒಂದು ತಪ್ಪು ಮಾಡಿದಳಂತೆ. ಬಾಗಿಲಿಗೆ ಹೋಗಿ "ಏನೂ ಆಗಂಗಿಲ್ಲ, ಬರ್ರಿ" ಅಂದಳು. ಒಬ್ಬ ಮುದುಕ ತಗೊಂಡ. ರಾತ್ರಿ ಚಳಿಜ್ವರ. ಮುಂಜಾನೆ ಆ ಓಣಿಯ ಹತ್ತು ಮನೆಗೆ ಕೀಲಿ, ಮಂದಿ ಎಲ್ಲಾ ಹೊಲಕ್ಕೆ. ಜ್ವರ ಬರುವುದು ಸಹಜವೇ, ಆದರೆ ಆಕೆ ಮೊದಲೇ ಹೇಳಿರಲಿಲ್ಲ. ಮೊದಲು ಹೇಳಿದ್ದರೆ ಅದು ಲಸಿಕೆ ಕೆಲಸ ಮಾಡುವ ಗುರುತು. ಆಮೇಲೆ ಹೇಳಿದರೆ ಅದೇ ಸಮಜಾಯಿಷಿ. ಎರಡನೆಯ ವಾರದಿಂದ ಮಾತು ಬದಲಾಯಿತು: "ತೋಳು ನೋಯ್ತದ, ಒಂದೆರಡು ದಿನ ಜ್ವರ ಬರಬಹುದು, ಈ ಗುಳಿಗಿ ಇಟ್ಟುಕೋರಿ. ಮೂರನೇ ದಿನಕ್ಕೂ ಇಳೀಲಿಲ್ಲಂದ್ರ ನನ್ನ ಕರೀರಿ." ಜ್ವರ ಬಂದವರು ಈ ಸಲ ಹೊಲಕ್ಕೆ ಓಡಲಿಲ್ಲ. "ಅಕ್ಕ ಹೇಳಿದಂಗೇ ಆಯ್ತು" ಅಂತ ಪಕ್ಕದ ಮನೆಗೆ ಹೋಗಿ ಹೇಳಿದರು.

"ಜ್ವರದ್ದು ಹೇಳಿದಿ ಸರಿ. ರಕ್ತ ಹೆಪ್ಪುಗಟ್ಟೋದು?" ಅಂತ ನಾನು ಫೋನು ಎತ್ತಿ ತೋರಿಸಿದೆ.

"ಅದನ್ನ ಹೇಳಲಿಲ್ಲರಿ. ನನಗೂ ಯಾರೂ ಹೇಳಿದ್ದಿಲ್ಲ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋರ್ಟಿನ ಸುದ್ದಿ ಓಡಿದ್ದು 2024ರ ಏಪ್ರಿಲ್ ಕೊನೆಗೆ: ಕೋವಿಶೀಲ್ಡ್ ಸೂತ್ರದ ಮೂಲ ಕಂಪನಿ ಆಸ್ಟ್ರಾಜೆನೆಕಾ, ತೀರ ಅಪರೂಪಕ್ಕೆ ಹೀಗಾಗಬಹುದು ಎಂದು ಬ್ರಿಟನ್ನಿನ ಕೋರ್ಟಿಗೆ ಬರೆದುಕೊಟ್ಟಿತ್ತು. ಆದರೆ ಯುರೋಪಿನ ಔಷಧ ನಿಯಂತ್ರಕರು ಅದನ್ನು 2021ರ ಏಪ್ರಿಲ್‌ನಲ್ಲೇ ಹೇಳಿದ್ದರು. ಮರುತಿಂಗಳು ನಮ್ಮ ದೇಶದ ಸಮಿತಿಯೂ ಲೆಕ್ಕ ಕೊಟ್ಟಿತ್ತು: ಕೋವಿಶೀಲ್ಡ್ ಪಡೆದವರಲ್ಲಿ ಇಂಥವು ಎನ್ನಬಹುದಾದ 26 ಪ್ರಕರಣ, 10 ಲಕ್ಷ ಡೋಸಿಗೆ 0.61. ಲಸಿಕೆ ತಗೊಂಡ 20 ದಿನದೊಳಗೆ ಉಸಿರಾಟದ ತೊಂದರೆ, ಎದೆನೋವು, ಕೈಕಾಲು ಬಾವು, ಬಿಡದ ತಲೆನೋವು ಬಂದರೆ ಆಸ್ಪತ್ರೆಗೆ ಹೋಗಿ ಎಂಬ ಸೂಚನೆಯೂ ಇತ್ತು. ಎಲ್ಲವೂ ದೆಹಲಿಯ ಕಾಗದದ ಮೇಲೆ ಇತ್ತು. ಆಡಕಿಗೆ ಬರಲಿಲ್ಲ. ಮೂರು ವರ್ಷದ ಮೇಲೆ ಬಂದಾಗ ಅದು ಮುಚ್ಚಿಟ್ಟ ಗುಟ್ಟಿನಂತೆ ಕಂಡಿತು.

"0.61 ಅಂದ್ರ ಮುದುಕರಿಗಿ ಹೆಂಗ ಹೇಳ್ತಿ?" ಅಂದೆ. ಆಕೆ ಮೊರದಲ್ಲಿ ಬೆರಳಾಡಿಸಿದಳು. ಲೆಕ್ಕ ನಾನೇ ಮಾಡಿದೆ: 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಮಂದಿ 25 ಲಕ್ಷ ಚಿಲ್ಲರೆ. ಹಸುಗೂಸಿನಿಂದ ಹಿಡಿದು ಇಡೀ ಜಿಲ್ಲೆ ಒಂದೊಂದು ಡೋಸು ತಗೊಂಡಿದ್ದರೂ ಒಬ್ಬರಿಗೋ ಇಬ್ಬರಿಗೋ. ಅದೂ ತಗೊಂಡ ಮೊದಲ ವಾರಗಳಲ್ಲಿ.

"ಆ ಒಬ್ಬರು ನಮ್ಮ ಮನ್ಯಾಗೇ ಇದ್ರ ಅಂತ ಕೇಳ್ತಾರ್ರಿ," ಅಂದಳು ಆಕೆ. "ಆಗ ಇಲ್ಲ ಅನ್ನಂಗಿಲ್ಲ. ಇರಬಹುದು, ಅದಕ್ಕೇ ಈ ಗುರುತು ನೋಡ್ರಿ ಅನ್ನಬೇಕು. ಕೊರೊನಾ ಯಾರ್ಯಾರ ಮನಿಗಿ ಬಂದಿತ್ತು, ಅದು ಅವರಿಗೇ ನೆನಪದ. ಅಷ್ಟಾದ ಮ್ಯಾಲೂ ಒಲ್ಲೆ ಅಂದವರು ಇದ್ದೇ ಇದ್ರು. ಮನಿ ಬಾಗಲಿಗಿ ಕ್ವಾರಂಟೈನ್ ಚೀಟಿ ಅಂಟಿಸಿಕೊಂಡವರು ನನ್ನ ಮಾತೇ ಕೇಳಲಿಲ್ಲ. ಅವರಿಗಿ ಅವರ ತಾಂಡಾದಾಕಿನೇ ಒಬ್ಬಾಕಿ ಲಂಬಾಣಿ ಭಾಷಾದಾಗ ಹೇಳಿದ ಮ್ಯಾಲೆ ಬಂದ್ರು."

ಈಗ ಗುಂಪಿಗೆ ಏನು ಬರೆಯಲಿ ಅಂತ ಕೇಳಿದೆ. ‘ಸುಳ್ಳು ಸುದ್ದಿ’ ಅಂತ ಕೆಂಪಕ್ಷರದಲ್ಲಿ ಹಾಕಿ ಅದೇ ಚಿತ್ರ ಮತ್ತೆ ಕಳಿಸುವವನಿದ್ದೆ. ಬ್ಯಾಡ ಅಂದಳು. ಓದಲು ಬಾರದವರಿಗೆ ಚಿತ್ರವೇ ಉಳಿಯುತ್ತದೆ, ಎರಡು ಸಲ ನೋಡಿದಂತಾಗುತ್ತದೆ. ಖರೆ ಇದ್ದದ್ದು ಮೊದಲು ಬರೀರಿ, ಸುದ್ದಿಯ ಮಾತು ಒಂದೇ ಸಲ, ಚಿತ್ರ ಬೇಡ. ಆಕೆ ಹೇಳಿದಳು, ನಾನು ಒತ್ತಿದೆ: ಅಪರೂಪಕ್ಕೆ ಆಗುತ್ತಿತ್ತು, ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ, ಲಸಿಕೆ ತಗೊಂಡ ಆರಂಭದ ವಾರಗಳಲ್ಲಿ, ಬೆಳಿಗ್ಗೆ ನಾನು ಕಳಿಸಿದ್ದು ಈಗ ಎಲ್ಲರಿಗೂ ಆಗುತ್ತದೆ ಎನ್ನುತ್ತದೆ, ಅದು ಹಾಗಲ್ಲ, ನಾನು ಓದದೆ ಕಳಿಸಿದ್ದೆ, ಎದೆನೋವು ಬಂದರೆ ಕಾರಣ ಏನೇ ಇರಲಿ, ಆಸ್ಪತ್ರೆಗೆ ಹೋಗಿ.

"ನಾನು ಓದದೆ ಕಳಿಸಿದ್ದೆ" ಎಂಬುದನ್ನು ಅಳಿಸಲು ನೋಡಿದೆ. ಆಕೆ ಫರಸಿ ಮೇಲಿಂದ ಬಗ್ಗಿ ನೋಡುತ್ತಿದ್ದಳು.

ಕಳಿಸಿದೆ. ಐದು ನಿಮಿಷಕ್ಕೆ ಸೇಡಂನ ಭಾವನಿಂದ ಉತ್ತರ ಬಂತು: ಗುಲಾಬಿ ಹೂವು, ಶುಭೋದಯ. ಆಗ ಸಂಜೆ ನಾಲ್ಕು ಗಂಟೆ.